ಕುಂತಿ ಬೆಟ್ಟಕ್ಕೆ ಹೋಗುವಾಗ ವಾಚಿಗೆ ಎತ್ತರ ಎಲ್ಲಿ ಹೇಳಿಕೊಡಬೇಕು?

ಮೈಸೂರಿನಿಂದ ರೈಲಿನಲ್ಲಿ ಪಾಂಡವಪುರಕ್ಕೆ ಹೋಗಿ ಕುಂತಿ ಬೆಟ್ಟ ಹತ್ತುವವರಿಗೆ, ಬೈಕಿನಲ್ಲಿ ಹೋಗುವವರಿಗಿಲ್ಲದ ಒಂದು ಅನುಕೂಲವಿದೆ. ಸ್ಟೇಷನ್ನಿನ ಹಳದಿ ಹೆಸರುಹಲಗೆಯಲ್ಲಿ ಸಮುದ್ರಮಟ್ಟದಿಂದ ಅಲ್ಲಿಗೆ ಎಷ್ಟು ಮೀಟರ್ ಎತ್ತರ ಎಂದು ಬರೆದಿರುತ್ತದೆ. ಅಳೆದು ಬರೆದ ಅಂಕಿ ಅದು. ಗಾಳಿಯ ಒತ್ತಡ ನೋಡಿ ಎತ್ತರ ಲೆಕ್ಕ ಹಾಕುವ ವಾಚಿನ ಆಲ್ಟಿಮೀಟರಿಗೆ ಇದಕ್ಕಿಂತ ಒಳ್ಳೆಯ ಗುರುತು ಆ ಸುತ್ತಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಫೋನಿನ ಆ್ಯಪ್ ನೋಡಿ ಎತ್ತರ ಹಾಕುವ ಅಭ್ಯಾಸ ಹಲವರಿಗಿದೆ. ನಮ್ಮ ಕಡೆ ಅದು ಕೈಕೊಡುತ್ತದೆ. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯ ಒಂದು ಗಣಿತದ ಆಕಾರದಿಂದ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಆಕಾರಕ್ಕಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗಿದೆ. ಈ ವ್ಯತ್ಯಾಸವನ್ನು ಸರಿಪಡಿಸದ ಆ್ಯಪ್‌ಗಳು ಅಷ್ಟೂ ಕಡಿಮೆ ಎತ್ತರ ತೋರಿಸುತ್ತವೆ. ಹಲಗೆಗೂ ಫೋನಿಗೂ ಇಷ್ಟು ಅಂತರ ಕಂಡರೆ ಹಲಗೆಯನ್ನೇ ನಂಬಿ.

ಮಾಡಬೇಕಾದ್ದು ಇಷ್ಟೆ. ವಾಚಿನ ಆಲ್ಟಿಮೀಟರ್ ಸೆಟ್ಟಿಂಗಿಗೆ ಹೋಗಿ, ತಾನಾಗಿ ಸರಿಪಡಿಸಿಕೊಳ್ಳುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಇಲ್ಲದಿದ್ದರೆ ನಡಿಗೆ ಶುರುಮಾಡಿದ ತಕ್ಷಣ ಕೆಲವು ವಾಚುಗಳು ಜಿಪಿಎಸ್ ಎತ್ತರವನ್ನು ತಂದು ನಿಮ್ಮ ಅಂಕಿಯ ಮೇಲೆ ಕೂರಿಸುತ್ತವೆ. ಆಮೇಲೆ ಹಲಗೆಯ ಅಂಕಿಯನ್ನು ಕೈಯಾರೆ ಹಾಕಿ. ವಾಚಿನ ಬ್ಯಾರೋಮೀಟರ್ 930 ಹೆಕ್ಟೋಪಾಸ್ಕಲ್ ಆಸುಪಾಸು ತೋರಿಸುತ್ತಿದ್ದು ಹವಾಮಾನದ ಆ್ಯಪ್ 1012 ಎಂದರೆ ಗಾಬರಿ ಬೇಡ. ಮೊದಲನೆಯದು ನೀವು ನಿಂತ ಜಾಗದ ಒತ್ತಡ, ಎರಡನೆಯದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ್ದು.

ಇನ್ನು ನಿಜವಾದ ತೊಡಕು. ಡಿಸೆಂಬರಿನಲ್ಲಿ ನಾವು ಹೋದಾಗ ಬೆಳಿಗ್ಗೆ ಹತ್ತರ ಹೊತ್ತಿಗೆ ಹಲಗೆಯ ಕೆಳಗೆ ಅಂಕಿ ಹಾಕಿದೆವು. ಬೆಟ್ಟ ಹತ್ತಿಳಿದು ಸಂಜೆ ನಾಲ್ಕಕ್ಕೆ ಅದೇ ಹಲಗೆಯ ಕೆಳಗೆ ನಿಂತರೆ ವಾಚು ಮೂವತ್ತು ಮೀಟರಿನಷ್ಟು ಹೆಚ್ಚು ತೋರಿಸುತ್ತಿತ್ತು. ಜೊತೆಗಿದ್ದ ಗೆಳೆಯ "ಸೆನ್ಸಾರ್ ಹೋಗಿದೆ ಕಣೋ, ಅಂಗಡಿಗೆ ಕೊಡು" ಅಂದ. ಸೆನ್ಸಾರಿಗೆ ಏನೂ ಆಗಿರಲಿಲ್ಲ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಹಗಲಿನ ಇಳಿತ ಮೂರು ನಾಲ್ಕು ಹೆಕ್ಟೋಪಾಸ್ಕಲ್. ನಮ್ಮ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಅಂದರೆ ಸುಮಾರು ಒಂಬತ್ತು ಮೀಟರ್. ಗುಣಿಸಿದರೆ ಆ ಮೂವತ್ತು ಮೀಟರಿನ ಲೆಕ್ಕ ಸಿಗುತ್ತದೆ. ಒತ್ತಡ ಇಳಿದದ್ದು ಹೊತ್ತಿನಿಂದಲೋ ಹತ್ತಿದ್ದರಿಂದಲೋ ವಾಚಿಗೆ ಗೊತ್ತಾಗುವುದಿಲ್ಲ.

ಸೂರ್ಯೋದಯಕ್ಕೆಂದು ಕತ್ತಲಲ್ಲೇ ಹತ್ತುವವರಿಗೆ ಇದು ತಿರುಗುಮುರುಗು. ನಾಲ್ಕಕ್ಕೆ ಬುಡದಲ್ಲಿ ಅಂಕಿ ಹಾಕಿ ಒಂಬತ್ತಕ್ಕೆ ಇಳಿದರೆ ವಾಚು ಹತ್ತಿಪ್ಪತ್ತು ಮೀಟರ್ ಕಡಿಮೆ ತೋರಿಸೀತು. ಅದಕ್ಕೇ ಹತ್ತುವ ದಾರಿಯಲ್ಲಿ ಮತ್ತೆ ಸಿಗುವ ಒಂದು ಜಾಗ ಗುರುತಿಟ್ಟುಕೊಂಡು, ಅಲ್ಲಿನ ಎತ್ತರ ಬರೆದಿಟ್ಟು, ಇಳಿಯುವಾಗ ಅಲ್ಲಿ ಮತ್ತೆ ಹೊಂದಿಸಿ. ಎರಡು ಮೂರು ಗಂಟೆಗೊಮ್ಮೆ ಇಷ್ಟು ಮಾಡಿದರೆ ಸಾಕು.

ಬಿರುಗಾಳಿ ಎಚ್ಚರಿಕೆ ಇರುವ ವಾಚಾದರೆ ಮಧ್ಯಾಹ್ನದ ಈ ಇಳಿತವನ್ನೇ ಮಳೆಯ ಮುನ್ಸೂಚನೆ ಎಂದು ಕಿರುಚಲೂಬಹುದು. ಹಿಂದಿನ ದಿನ ಒಂದೇ ಜಾಗದಲ್ಲಿದ್ದಾಗಿನ ಗ್ರಾಫ್ ತೆರೆದು ನೋಡಿ. ಆ ಹೊತ್ತಿಗೆ ನಿನ್ನೆಯೂ ಅಷ್ಟೇ ಇಳಿದಿದ್ದರೆ ಅದು ದಿನದ ಲಯ. ಏಪ್ರಿಲ್, ಮೇನಲ್ಲಿ ಮಾತ್ರ ವಾಚಿಗಿಂತ ಮೊದಲು ಆಕಾಶ ನೋಡಿ, ಬೋಳು ಬಂಡೆಯ ಮೇಲೆ ಸಿಡಿಲಿಗೆ ಸಿಕ್ಕಬಾರದು. ಅಂದಹಾಗೆ ನಡೆಯುವಾಗ ಸೆನ್ಸಾರನ್ನು ಆಲ್ಟಿಮೀಟರ್ ಮೋಡಿನಲ್ಲೇ ಬೀಗ ಹಾಕಿಡಿ. ಬ್ಯಾರೋಮೀಟರ್ ಮೋಡಿನಲ್ಲಿದ್ದರೆ ನೀವು ಎಷ್ಟು ಹತ್ತಿದರೂ ಎತ್ತರ ಕದಲುವುದಿಲ್ಲ, ಹತ್ತಿದ್ದೆಲ್ಲ ಒತ್ತಡದ ಕುಸಿತವಾಗಿ ಕಾಣುತ್ತದೆ.

ಸಣ್ಣದೊಂದು ಮೋಸ ಬಿಸಿಲಿನದು. ವಾಚಿನ ಸೂತ್ರ ನಮ್ಮ ಎತ್ತರದಲ್ಲಿ ಗಾಳಿ ಹತ್ತು ಡಿಗ್ರಿ ಎಂದುಕೊಂಡಿರುತ್ತದೆ, ಇಲ್ಲಿ ಇಪ್ಪತ್ತೇಳು. ಹಾಗಾಗಿ ನೂರು ಮೀಟರ್ ಹತ್ತಿದರೆ ತೊಂಬತ್ನಾಲ್ಕು ಎನ್ನುತ್ತದೆ. ಕುಂತಿ ಬೆಟ್ಟಕ್ಕೆ ಇದನ್ನು ಮರೆಯಬಹುದು, ಪಶ್ಚಿಮಘಟ್ಟದ ದೊಡ್ಡ ಏರಿಗೆ ನೆನಪಿರಲಿ.

ದಿಕ್ಸೂಚಿಯನ್ನು ಮಾತ್ರ ಸ್ಟೇಷನ್ನಿನಲ್ಲಿ ಮುಟ್ಟಬೇಡಿ. ಹಳಿ, ಕಂಬ, ನಿಂತ ಗಾಡಿ ಎಲ್ಲ ಕಬ್ಬಿಣ. ಆಟೋ ಇಳಿದು, ವಾಹನಗಳಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ, ಫೋನನ್ನು ಬ್ಯಾಗಿಗೆ ಹಾಕಿ ಬ್ಯಾಗನ್ನು ಪಕ್ಕದವರಿಗೆ ಕೊಡಿ. ಅಯಸ್ಕಾಂತದ ಕೊಂಡಿಯ ಪಟ್ಟಿ ಇದ್ದರೆ ಬದಲಿಸಿ. ಮಣಿಕಟ್ಟನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಿ, ವಾಚು ಸಾಕು ಎನ್ನುವವರೆಗೆ. ಸರಿಯಾಯಿತೇ ಎಂದು ನೋಡಲು ದೂರದ ಒಂದು ಬಂಡೆಯತ್ತ ಗುರಿಯಿಟ್ಟು ಡಿಗ್ರಿ ಓದಿ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಓದಿ. ಐದು ಡಿಗ್ರಿಗಿಂತ ಹೆಚ್ಚು ಜಿಗಿದರೆ ಹತ್ತಿರದಲ್ಲೆಲ್ಲೋ ಕಬ್ಬಿಣವಿದೆ, ಜಾಗ ಬದಲಿಸಿ. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇಲ್ಲಿ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಅದಕ್ಕಾಗಿ ಸೆಟ್ಟಿಂಗ್ ತಡಕುವ ಅಗತ್ಯವಿಲ್ಲ.