ಕೂಲರ್ ಗ್ರಾಫ್ ಓದೋದು ಹಿಂಗ

ರಾಯಚೂರಿನಾಗ ಬಿಸಿಲು ಏರಿತಂದ್ರ ಗ್ರೂಪಿನಾಗ ಕೂಲರ್ ಬೆಲೆ ದಿನದಿನಕ್ಕ ಹೆಂಗ ಏರಿಳೀತು ಅಂತ ತೋರಿಸೋ ಗ್ರಾಫಿನ ಸ್ಕ್ರೀನ್‌ಶಾಟ್ ಶುರು: "ಈಗ ತಗೊಳ್ಳಲಾ, ಕಾಯಲಾ?"

ಮೊದಲು ಕೆಳಗಿನ ತಾರೀಖು ನೋಡ್ರಿ. ಮೂರೇ ತಿಂಗಳಿಂದಿದ್ರ 'ಅತಿ ಕಡಿಮೆ' ಅನ್ನೋದು ಬ್ಯಾಸಗಿಯೊಳಗಿನ ಕಡಿಮೆ ಅಷ್ಟ, ಇಡೀ ವರ್ಷದ ಗ್ರಾಫ್ ತೆಗದು ನೋಡ್ರಿ. ಗೆರೆ ಹೆಚ್ಚು ದಿನ ಎಲ್ಲಿ ಚಪ್ಪಟೆ ಮಲಗೇದೋ ಅದೇ ಖರೇ ಬೆಲೆ. ಎರಡು ತಿಂಗಳು 7,400ರಾಗ ಇದ್ದದ್ದು ಸೇಲಿಗೆ ನಾಲ್ಕು ದಿನ ಮುಂಚೆ 9,999ಕ್ಕ ಜಿಗಿದು, ಸೇಲಿನ ದಿನ 7,499 ಆತಂದ್ರ, ಆ '25% ಆಫ್' ಬರೀ ಬಣ್ಣ. ನಿಮಗ 99 ರೂಪಾಯಿ ಹೆಚ್ಚೇ ಬಿತ್ತು.

ಒಂದೇ ದಿನ 6,200ಕ್ಕ ಸೂಜಿಯಂಗ ಇಳಿದು ಏರಿದ್ದನ್ನ ನಂಬಿ ಕಾಯಬ್ಯಾಡ್ರಿ. ವಾರಗಟ್ಟಲೆ ಅಲ್ಲೇ ನಿಂತಿತ್ತು, ಹೋದ ವರ್ಷನೂ ಹಂಗ ಇತ್ತು ಅಂದ್ರ ಮಾತು ಬ್ಯಾರೆ.

ಆದ್ರ ದೀಪಾವಳಿಗೆ ಇಳಿಯೋ 1,200 ರೂಪಾಯಿಗಾಗಿ ಮೇ ತಿಂಗಳು ಪೂರಾ ಬೆವರೋದು ಯಾವ ಲೆಕ್ಕದ ಉಳಿತಾಯನೋ!