ಐದನೇ ಹಾರ್ಮೋನಿಕ್ ಕೊನೆಗೂ ಬಾಯಿ ಮುಚ್ಚಿತು

ಸ್ಪೆಕ್ಟ್ರಮ್‌ನಲ್ಲಿ 550 ಹರ್ಟ್ಸ್‌ನ ಗೆರೆ ನಿನ್ನೆ ರಾತ್ರಿ ಕೊನೆಗೂ ನೆಲ ಕಚ್ಚಿತು. ಗಿಟಾರ್ ಅದೇ ಹಳೇ ಅಕೌಸ್ಟಿಕ್: 650 ಮಿ.ಮೀ. ಸ್ಕೇಲ್, ತೆರೆದ ಎ ತಂತಿ, 110 ಹರ್ಟ್ಸ್. ಉಳಿದ ಐದು ತಂತಿಗಳಿಗೆ ಬಟ್ಟೆ ಸುತ್ತಿದ್ದೇನೆ.

ಲೆಕ್ಕ ನಿಮಗೆ ಗೊತ್ತಿರುವುದೇ. ಉದ್ದದ p ಭಾಗದಲ್ಲಿ ಮೀಟಿದರೆ, n-ನೇ ಹಾರ್ಮೋನಿಕ್ ಬ್ರಿಡ್ಜನ್ನು ಅಲುಗಿಸುವ ಬಲ `sin(nπp)/n` ಪ್ರಮಾಣದಲ್ಲಿರುತ್ತೆ. ಬ್ರಿಡ್ಜಿನಿಂದ 130 ಮಿ.ಮೀ. ದೂರ, ಅಂದರೆ ಐದನೇ ಒಂದು ಭಾಗದಲ್ಲಿ ಮೀಟಿದರೆ ಐದನೆಯದು ಹುಟ್ಟಲೇಬಾರದು, ಅದರ ನೋಡ್, ಅಂದರೆ ಆ ಹಾರ್ಮೋನಿಕ್‌ನಲ್ಲಿ ತಂತಿ ಅಲುಗದ ಬಿಂದು, ಅಲ್ಲೇ ಇದೆ. ಆದರೆ ಬೆರಳಲ್ಲಿ ಮೀಟಿದಾಗೆಲ್ಲ ಅದು ಹಾಜರ್! ಬೆರಳು ತಂತಿಯನ್ನು ಎಲ್ಲಿ ಬಿಡುತ್ತೆ ಅನ್ನೋದು ಬೆರಳಿಗೇ ಗೊತ್ತಿಲ್ಲ. ಐದು ಮಿ.ಮೀ. ಆಚೀಚೆ ಆದರೂ ಐದನೆಯದರ ಪೂರ್ತಿ ಬಲದ ಎಂಟನೇ ಒಂದು ಭಾಗದಷ್ಟು ಉಳಿದುಬಿಡುತ್ತೆ.

ಪರಿಹಾರ ಹಳೆಯದು: ಕೂದಲಿನಂಥ ಎನಾಮಲ್ ತಾಮ್ರದ ತಂತಿಯನ್ನು ಕುಣಿಕೆ ಮಾಡಿ, ಗುರುತಿನ ಮೇಲೆ ಸಿಕ್ಕಿಸಿ, ತುಂಡಾಗುವವರೆಗೆ ಎಳೆಯುವುದು. ಜಾಗವೂ ನಿಖರ, ಬಲವೂ ಪ್ರತಿ ಸಲ ಹೆಚ್ಚುಕಮ್ಮಿ ಒಂದೇ. ಎಸ್‌.ಪಿ. ರಸ್ತೆಯ ಅಂಗಡಿಯವನು 42 ಗೇಜ್ ಅಂತ ಚೀಟಿ ಅಂಟಿಸಿ ಕೊಟ್ಟ ಸುರುಳಿ ಬೇರೆಯದೇ ದಪ್ಪ. ಅದು ತುಂಡಾಗುವ ಮೊದಲು ಗಿಟಾರೇ ಮೇಜಿನಿಂದ ಏಳುತ್ತಿತ್ತು. ಕೊನೆಗೆ ಹಾಳಾದ ರಿಲೇಯ ಕಾಯಿಲ್ ಬಿಚ್ಚಿದೆ.

ಅದೇ ಕುಣಿಕೆಯನ್ನು 65 ಮಿ.ಮೀ.ಗೆ ಸರಿಸಿದಾಗ ವಿಷಯ ಬಯಲಾಯಿತು. ಬ್ರಿಡ್ಜಿನ ಹತ್ತಿರ ಮೀಟಿದರೆ ಮೇಲಿನ ಸ್ವರಾಂಶಗಳೆಲ್ಲ ಜೋರಾಗುತ್ತವೆ ಅಂದುಕೊಳ್ಳುತ್ತೇವಲ್ಲ, ಅದು ಅರ್ಧ ಸತ್ಯ. ಅಷ್ಟೇ ಬಲ ಹಾಕಿದರೆ ಮೂಲಸ್ವರ ಸುಮಾರು ಅರ್ಧಕ್ಕೆ ಇಳಿಯುತ್ತೆ (0.59 ಇದ್ದದ್ದು 0.31). ಎರಡನೆಯದೂ, ಮೂರನೆಯದೂ ಇಳಿಯುತ್ತವೆ. ಸೊನ್ನೆಯಿದ್ದ ಐದನೆಯದು ಮಾತ್ರ ತನ್ನ ಗರಿಷ್ಠಕ್ಕೆ ಏರುತ್ತೆ, ಮೊದಲ ಖಾಲಿ ಜಾಗ ಹತ್ತನೆಯದಕ್ಕೆ, 1100 ಹರ್ಟ್ಸ್‌ಗೆ, ಸರಿಯುತ್ತೆ. ಚುರುಕುತನದ ಬಹುಪಾಲು ಕೆಳಗಿನ ಸ್ವರದ ಗೈರುಹಾಜರಿ! ಅದಕ್ಕೇ ಅಲ್ಲಿ ನಾದ ತೆಳುವಾಗಿಯೂ ಕೇಳುತ್ತೆ. ಗಿಟಾರ್ ಬಾಡಿಯ ರೆಸೊನೆನ್ಸ್ ತಲೆನೋವಾಗದಿರಲಿ ಅಂತ ಒಂದೇ ಹಾರ್ಮೋನಿಕ್ಕನ್ನು ಎರಡು ಜಾಗಗಳ ನಡುವೆ ಮಾತ್ರ ಹೋಲಿಸಿದ್ದೇನೆ.

ಒಂದು ತಂಟೆ ಉಳಿದಿದೆ. 550ರ ಗೆರೆ ಶುರುವಿನಲ್ಲಿ ಇಲ್ಲ, ಆಮೇಲೆ ಮೆಲ್ಲಗೆ ತಲೆ ಎತ್ತುತ್ತೆ. ಲೆಗ್ ಮತ್ತು ಫ್ಲೆಚರ್ 1984ರಲ್ಲೇ ಇದನ್ನು ವಿವರಿಸಿದ್ದಾರೆ: ಬ್ರಿಡ್ಜ್ ಪೂರ್ತಿ ಗಟ್ಟಿಯಲ್ಲದ ಕಾರಣ, ಉಳಿದ ಹಾರ್ಮೋನಿಕ್‌ಗಳು ಕಾಣೆಯಾದದ್ದಕ್ಕೆ ಶಕ್ತಿ ದಾಟಿಸುತ್ತವೆ.

ಮುಂದಿನದು ಚಿಕ್ಕಮ್ಮನ ವೀಣೆ. ತಂಬೂರಿ, ವೀಣೆಗಳ ಅಗಲ ಕುದುರೆ ಈ ನಿಯಮಕ್ಕೇ ಬಗ್ಗುವುದಿಲ್ಲ, ನೋಡ್‌ನಲ್ಲಿ ಮೀಟಿದರೂ ಆ ಹಾರ್ಮೋನಿಕ್ ಮೊಳಗುತ್ತೆ ಅಂತ ಸಿ.ವಿ. ರಾಮನ್ 1921ರಲ್ಲಿ ಬರೆದಿದ್ದರು. ರಿಲೇ ಕಾಯಿಲ್ ಇನ್ನೂ ಬೇಕಾದಷ್ಟಿದೆ. ಚಿಕ್ಕಮ್ಮನ ಒಪ್ಪಿಗೆ ಬಾಕಿ.