ಲೇಬಲ್ ಇಲ್ಲದ ನಾಲ್ಕು ಬಾಟಲಿಗಳು

ಮಳೆಗೆ ಡಿಸಿ ರಜೆ ಕೊಟ್ಟರೆ ಮಂಗಳೂರಿನಲ್ಲಿ ಮಕ್ಕಳಿಗೆ ಖುಷಿಯೋ ಖುಷಿ. ಲೆಕ್ಚರರ್‌ಗಳು ಮಾತ್ರ ಕೊಡೆ ಹಿಡಿದು ಕಾಲೇಜಿಗೆ ಹೋಗಲೇಬೇಕು. ಅಂಥ ಒಂದು ಜುಲೈ ದಿನ ಕೆಮಿಸ್ಟ್ರಿ ಸ್ಟಾಕ್ ರೂಮಿನ ಕೆಳಗಿನ ರ್‍ಯಾಕ್ ಎದುರು ನಾವು ಮೂವರು ನಿಂತಿದ್ದೆವು. ನಾನು, ಹೊಸತಾಗಿ ಸೇರಿದ ಗೆಸ್ಟ್ ಲೆಕ್ಚರರ್, ಮತ್ತೆ ಲ್ಯಾಬಿನ ಅಟೆಂಡರ್ ಅಣ್ಣ. ಗೋಡೆಯಿಂದ ನೀರು ಒಸರಿ ಲೇಬಲ್‌ಗಳೆಲ್ಲ ಕರಗಿ ಹೋಗಿದ್ದವು. ಉಳಿದ ಚೂರುಪಾರನ್ನು ಗೆದ್ದಲು ಮುಗಿಸಿತ್ತು.

ಸ್ಟಾಕ್ ರಿಜಿಸ್ಟರ್ ನೋಡಿದರೆ ಆ ರ್‍ಯಾಕ್‌ನಲ್ಲಿ ಇದ್ದದ್ದು ನಾಲ್ಕೇ: ಬೆಂಜಾಲ್ಡಿಹೈಡ್, ಅಸಿಟೋಫಿನೋನ್, ಫಿನಾಲ್, ಬೆಂಜೈಲ್ ಆಲ್ಕೋಹಾಲ್. ಯಾವುದು ಯಾವುದು ಅಂತ ಮಾತ್ರ ಗೊತ್ತಿಲ್ಲ.

“ಎಲ್ಲ ಬಿಸಾಡುವುದಲ್ವಾ ಮೇಡಂ?” ಎಂದರು ಅಣ್ಣ. ಬಿಸಾಡುವುದಾದರೂ ಇದು ಇಂಥದ್ದು ಅಂತ ಗೊತ್ತಿರಬೇಕು. ಫಿನಾಲ್ ಚರ್ಮ ಸುಡುತ್ತದೆ, ಅದನ್ನು ಚರಂಡಿಗೆ ಸುರಿಯಲು ಆಗುವುದಿಲ್ಲ. ಮೇಲಾಗಿ ಪ್ರಾಕ್ಟಿಕಲ್ ಪರೀಕ್ಷೆಗೆ ಇವೇ ಬೇಕಿತ್ತು. ಬಾಟಲಿಗಳ ಮೇಲೆ ಒಂದರಿಂದ ನಾಲ್ಕರ ತನಕ ನಂಬರ್ ಹಾಕಿ, ಗ್ಲೌಸ್ ಹಾಕಿಕೊಂಡು ಶುರು ಮಾಡಿದೆವು.

ವಾಸನೆ ನೋಡಿ ಹೇಳಬಹುದು ಅಂತ ಗೆಸ್ಟ್ ಲೆಕ್ಚರರ್ ಹುಡುಗಿಯ ವಾದ. ಬಾಟಲಿಯ ಬಾಯಿಗೆ ಮೂಗು ಇಡದೆ, ಕೈಯಿಂದ ಗಾಳಿ ಬೀಸಿ ನೋಡಿದಳು. ಒಂದನೆಯದರಲ್ಲಿ ಬಾದಾಮಿ ಎಸೆನ್ಸ್ ವಾಸನೆ. ಸರಿ, ಬೆಂಜಾಲ್ಡಿಹೈಡ್. ಎರಡನೆಯದು ಗುಲಾಬಿ ಬಣ್ಣದ ಪಾಕ, ಆಸ್ಪತ್ರೆ ವಾಸನೆ. ಮೂರನೆಯದು ಹೂವಿನ ಹಾಗೆ ಸಿಹಿ. ನಾಲ್ಕನೆಯದು ತೆರೆದರೆ ಮತ್ತೆ ಬಾದಾಮಿ! ಸ್ವಲ್ಪ ಕಡಿಮೆ, ಅಷ್ಟೇ. “ಎರಡೆರಡು ಬೆಂಜಾಲ್ಡಿಹೈಡ್ ಉಂಟಾ ಮೇಡಂ?” ಎಂದಳು. ಅವತ್ತಿನ ಕೆಲಸದ ರುಚಿ ಇದ್ದದ್ದೇ ಆ ನಾಲ್ಕನೆಯ ಬಾಟಲಿಯಲ್ಲಿ.

ಸುಲಭದ್ದು ಮೊದಲು. ಗುಲಾಬಿ ಪಾಕ ಫಿನಾಲ್ ಇರಬೇಕು ಎಂದು ನನಗೆ ಅನಿಸಿತ್ತು. ಪುಸ್ತಕದಲ್ಲಿ ಫಿನಾಲ್ ಎಂದರೆ ಬಣ್ಣವಿಲ್ಲದ ಹರಳು, ಕರಗುವುದು 41 ಡಿಗ್ರಿಯಲ್ಲಿ. ಆದರೆ ಅದು ಗಾಳಿಯ ನೀರು ಹೀರುತ್ತದೆ. ಸ್ವಲ್ಪ ನೀರು ಸೇರಿದರೂ ಸಾಕು, ನಮ್ಮ ಸೆಕೆಯಲ್ಲಿ ದ್ರವವಾಗಿಯೇ ಉಳಿಯುತ್ತದೆ. ಗಾಳಿ ಬೆಳಕು ತಾಗಿದರೆ ಗುಲಾಬಿಯಾಗುತ್ತದೆ. ಕರಾವಳಿಯ ಲ್ಯಾಬಿನಲ್ಲಿ ಅದನ್ನು ಹರಳಾಗಿ ನೋಡುವುದು ಹೊಸ ಬಾಟಲಿ ಒಡೆದ ದಿನ ಮಾತ್ರ. ಆದರೂ ಬಣ್ಣ ನೋಡಿ ಹೆಸರಿಡಬಾರದು, ಹಳತಾದರೆ ಎಷ್ಟೋ ವಸ್ತುಗಳಿಗೆ ಬಣ್ಣ ಬರುತ್ತದೆ.

ಫಿನಾಲ್‌ಗೆ ಫೆರಿಕ್ ಕ್ಲೋರೈಡ್ ಪರೀಕ್ಷೆ. ನೀರಿನಲ್ಲಿ ಕರಗಿಸಿದ ಫಿನಾಲ್‌ಗೆ ಎರಡು ಹನಿ ಹಾಕಿದರೆ ನೇರಳೆ ಬಣ್ಣ ಬರಬೇಕು. ಹುಡುಗಿ ಶೆಲ್ಫ್ ಮೇಲಿದ್ದ ದ್ರಾವಣವನ್ನೇ ಹಾಕಿದಳು. ಬಂದದ್ದು ಮಂಕು ಕಂದು. ನೇರಳೆ ಇದೆಯೋ ಇಲ್ಲವೋ ಎನ್ನುವ ಹಾಗೆ. ಅದು ಕೆಡದಿರಲಿ ಎಂದು ಯಾರೋ ಹೈಡ್ರೋಕ್ಲೋರಿಕ್ ಆಸಿಡ್ ಜಾಸ್ತಿ ಹಾಕಿಟ್ಟಿದ್ದರು. ಫೆರಿಕ್ ಕ್ಲೋರೈಡಿನ ಕಬ್ಬಿಣ ಹಿಡಿದುಕೊಳ್ಳುವುದು ಹೈಡ್ರೋಜನ್ ಬಿಟ್ಟುಕೊಟ್ಟ ಫಿನಾಲನ್ನು, ಅಂದರೆ ಫಿನಾಕ್ಸೈಡನ್ನು. ಆಸಿಡ್ ತುಂಬಿದ್ದರೆ ಫಿನಾಲ್ ಹೈಡ್ರೋಜನ್ ಬಿಡುವುದೇ ಇಲ್ಲ. ಹಾಗಂತ ಕ್ಷಾರ ಹೆಚ್ಚಾದರೂ ಕಷ್ಟ, ಆಗ ಕಬ್ಬಿಣವೇ ಕಂದು ಕೆಸರಾಗಿ ಕೂತುಬಿಡುತ್ತದೆ.

ಅದಕ್ಕೇ ‘ನ್ಯೂಟ್ರಲ್’ ಫೆರಿಕ್ ಕ್ಲೋರೈಡ್ ಬೇಕು ಎನ್ನುವುದು. ದ್ರಾವಣಕ್ಕೆ ತೆಳು ಅಮೋನಿಯಾವನ್ನು ಹನಿಹನಿಯಾಗಿ ಹಾಕುತ್ತಾ ಅಲುಗಿಸಬೇಕು. ಸ್ವಲ್ಪವೇ ಕಂದು ಕೆಸರು ಕರಗದೆ ನಿಂತಿತೋ, ಅಲ್ಲಿಗೆ ಬಿಟ್ಟು ಸೋಸಬೇಕು. ಸೋಸಿ ಬಂದದ್ದನ್ನು ಹಾಕಿದ ಕೂಡಲೇ ಎರಡನೆಯ ಟ್ಯೂಬು ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ ಆಯಿತು. ಮೂರು ಮತ್ತು ನಾಲ್ಕರಲ್ಲಿ ಫೆರಿಕ್ ಕ್ಲೋರೈಡಿನ ಹಳದಿ ಮಾತ್ರ.

ಒಂದನೆಯ ಟ್ಯೂಬಿನಲ್ಲಿ ಮಾತ್ರ ಮಣ್ಣುಬಣ್ಣದ ಗಸಿ ಬಂತು. “ಇದೂ ಫಿನಾಲಾ?” ಎಂದು ಹುಡುಗಿ ಗಾಬರಿಯಾದಳು. ಅಲ್ಲ. ಫಿನಾಲ್ ಇದ್ದರೆ ದ್ರಾವಣಕ್ಕೇ ಬಣ್ಣ ಏರುತ್ತದೆ, ಹೀಗೆ ಮಣ್ಣುಬಣ್ಣದ ಗಸಿ ಕೂರುವುದಿಲ್ಲ. ಇದು ಬೆಂಜೋಯಿಕ್ ಆಸಿಡ್ ತೋರಿಸುವ ಗುರುತು. ಬಾಟಲಿಯ ಕುತ್ತಿಗೆಯನ್ನು ಬೆಳಕಿಗೆ ಹಿಡಿದರೆ ಬಿಳಿ ಹರಳು ಕೂತಿದ್ದು ಕಂಡಿತು. ಬೆಂಜಾಲ್ಡಿಹೈಡ್ ಸುಮ್ನೆ ಗಾಳಿ ತಾಗಿದರೂ ಬೆಂಜೋಯಿಕ್ ಆಸಿಡ್ ಆಗುತ್ತಾ ಹೋಗುತ್ತದೆ. ಆಲ್ಡಿಹೈಡ್‌ಗೂ ಕೀಟೋನ್‌ಗೂ ಇರುವ ವ್ಯತ್ಯಾಸವನ್ನು ಆ ಕುತ್ತಿಗೆಯೇ ಹೇಳುತ್ತಿತ್ತು ನೋಡಿ. ಆಲ್ಡಿಹೈಡಿನಲ್ಲಿ ಕಾರ್ಬೊನಿಲ್ ಕಾರ್ಬನ್‌ಗೆ, ಅಂದರೆ ಆಕ್ಸಿಜನ್ ಹಿಡಿದ ಕಾರ್ಬನ್‌ಗೆ, ಒಂದು ಹೈಡ್ರೋಜನ್ ಅಂಟಿಕೊಂಡಿರುತ್ತದೆ, ಹಾಗಾಗಿ ಅದು ಸುಲಭವಾಗಿ ಆಕ್ಸಿಡೈಜ್ ಆಗಿ ಆಸಿಡ್ ಆಗುತ್ತದೆ. ಕೀಟೋನಿನಲ್ಲಿ ಎರಡು ಕಡೆಯೂ ಕಾರ್ಬನ್, ಅದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಆಮೇಲೆ ಉಳಿದ ಮೂರಕ್ಕೂ 2,4-ಡಿಎನ್‌ಪಿ ಎಂಬ ಪರೀಕ್ಷಾ ದ್ರಾವಣ ಹಾಕಿದೆವು. ಇದು ಆಲ್ಡಿಹೈಡೋ ಕೀಟೋನೋ ಎಂದು ಹೇಳುವುದಿಲ್ಲ. ಎರಡರಲ್ಲಿ ಒಂದು ಇದೆ ಎಂದಷ್ಟೇ ಹೇಳುತ್ತದೆ. ಒಂದು ಮತ್ತು ಮೂರರಲ್ಲಿ ಒಂದೇ ಹನಿಗೆ ಕಿತ್ತಳೆ ಬಣ್ಣದ ದಪ್ಪ ಗಸಿ ಬಂತು, ಟ್ಯೂಬ್ ಬಗ್ಗಿಸಿದರೂ ಅಲುಗದಷ್ಟು. ನಾಲ್ಕರಲ್ಲಿ? ಏನೂ ಬರಬಾರದಿತ್ತು. ಆದರೆ ತೆಳ್ಳಗೆ ಮಂಜು ಕಟ್ಟಿತು.

ಹುಡುಗಿ ಪುಸ್ತಕದಲ್ಲಿ ‘ಪಾಸಿಟಿವ್’ ಎಂದು ಬರೆಯಲು ಹೊರಟಳು. ನಾನು ತಡೆದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬಂತು, ಬರಲಿಲ್ಲ ಎಂದು ಎರಡೇ ಉತ್ತರ ಬರೆಸಿ ಬರೆಸಿ ಮಕ್ಕಳನ್ನು ನಾವೇ ಹೀಗೆ ಮಾಡಿದ್ದೇವೆ ಎಂಬುದು ನನ್ನ ಹಳೆಯ ತಕರಾರು. ಎಷ್ಟು ಬಂತು, ಎಷ್ಟು ಬೇಗ ಬಂತು ಎಂದು ಯಾರೂ ಬರೆಯುವುದಿಲ್ಲ. ಒಂದು ಹನಿ ಬೆಂಜಾಲ್ಡಿಹೈಡ್ ಟ್ಯೂಬನ್ನೇ ತುಂಬಿಸಿದ್ದು ಕಣ್ಣೆದುರಿಗೇ ಇದೆ. ಅದರ ಪಕ್ಕ ಇಟ್ಟು ನೋಡಿದರೆ ಈ ಮಂಜು ಬಹಳ ಕಡಿಮೆ. ಅಂದರೆ ಬಾಟಲಿಯಲ್ಲಿರುವುದು ಬೇರೇನೋ, ಅದರೊಳಗೆ ಆಲ್ಡಿಹೈಡ್ ಚೂರು ಬೆರೆತಿದೆ.

ಈಗ ಟೋಲೆನ್ಸ್ ಪರೀಕ್ಷೆ. ಆಲ್ಡಿಹೈಡ್ ಇದ್ದರೆ ಗಾಜಿನ ಮೇಲೆ ಬೆಳ್ಳಿಯ ಕನ್ನಡಿ ಕಟ್ಟುತ್ತದೆ, ಕೀಟೋನಿಗೆ ಕಟ್ಟುವುದಿಲ್ಲ. ಇದರ ದ್ರಾವಣವನ್ನು ಮಾಡಿಡುವ ಹಾಗಿಲ್ಲ, ಬೇಕಾದಾಗಲೇ ಮಾಡಬೇಕು. ಇಟ್ಟರೆ ಸ್ಫೋಟಿಸುವ ಬೆಳ್ಳಿಯ ಸಂಯುಕ್ತ ಹುಟ್ಟಬಹುದು. ಎರಡು ಎಂಎಲ್ 5% ಸಿಲ್ವರ್ ನೈಟ್ರೇಟಿಗೆ ಒಂದು ಹನಿ ಕಾಸ್ಟಿಕ್ ಸೋಡಾ ಹಾಕಿದೆವು, ಕಂದು ಗಸಿ ಬಂತು. ಆಮೇಲೆ ತೆಳು ಅಮೋನಿಯಾ, ಗಸಿ ಆಗತಾನೆ ಕರಗುವಷ್ಟು ಮಾತ್ರ. ಅಮೋನಿಯಾ ಹೆಚ್ಚಾದರೆ ಪರೀಕ್ಷೆ ಮಂದವಾಗುತ್ತದೆ. ಬೆಂಜಾಲ್ಡಿಹೈಡನ್ನು ಮೊದಲು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ತೊಳೆದು ಆಸಿಡ್ ತೆಗೆದೆವು. ಇಲ್ಲದಿದ್ದರೆ ಆ ಆಸಿಡ್ ಅಮೋನಿಯಾವನ್ನು ತಿಂದುಹಾಕುತ್ತದೆ. ಬೆಂಜಾಲ್ಡಿಹೈಡ್ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ, ಹಾಗಾಗಿ ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ ಎರಡು ಹನಿ ಹಾಕಿದೆವು. 60 ಡಿಗ್ರಿ ಆಸುಪಾಸಿನ ಬಿಸಿನೀರಿನಲ್ಲಿ ಅಲುಗಿಸದೆ ಇಟ್ಟೆವು.

ಒಂದನೆಯ ಟ್ಯೂಬಿನಲ್ಲಿ ಕನ್ನಡಿ ಬರಲಿಲ್ಲ, ಬೂದುಕಪ್ಪು ಪುಡಿ ಬಂತು. ಅದೂ ಬೆಳ್ಳಿಯೇ, ಗಾಜಿನಲ್ಲಿ ಜಿಡ್ಡು ಇದ್ದುದರಿಂದ ಅಂಟಿಕೊಳ್ಳಲಿಲ್ಲ ಅಷ್ಟೇ. ಟ್ಯೂಬನ್ನು ನೈಟ್ರಿಕ್ ಆಸಿಡ್‌ನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸಿ ಮತ್ತೆ ಮಾಡಿದಾಗ ಗಾಜಿನ ಒಳಗೆ ಫಳಫಳ ಕನ್ನಡಿ ಏರಿತು. ಅಣ್ಣ ಅದರಲ್ಲಿ ಮೀಸೆ ನೋಡಿಕೊಂಡು, “ಇದರಲ್ಲಿ ಬೆಳ್ಳಿ ಎಷ್ಟುಂಟು ಮೇಡಂ?” ಎಂದರು. ಹಾಕಿದ ಸಿಲ್ವರ್ ನೈಟ್ರೇಟ್ 0.1 ಗ್ರಾಂ. ಅದರಲ್ಲಿ ಬೆಳ್ಳಿ ಹೆಚ್ಚೆಂದರೆ 63 ಮಿಲಿಗ್ರಾಂ. “ಕಾಲುಂಗುರಕ್ಕೂ ಸಾಲದು ಮಾರಾಯ್ರೆ” ಎಂದು ನಕ್ಕರು.

ಮೂರನೆಯದು ನೀರಿನಂತೆ ತಿಳಿಯಾಗಿಯೇ ಇತ್ತು. ಅಂದರೆ ಕೀಟೋನ್, ನಾಲ್ಕರಲ್ಲಿ ಕೀಟೋನ್ ಎಂದರೆ ಅಸಿಟೋಫಿನೋನ್ ಒಂದೇ. ಖಾತರಿಗೆ ಸ್ವಲ್ಪವನ್ನು ಟ್ಯೂಬಿಗೆ ಸುರಿದು, ಕ್ಯಾಂಟೀನಿನಿಂದ ತಂದ ಐಸ್‌ನಲ್ಲಿ ಇಟ್ಟು ಗಾಜಿನ ಕಡ್ಡಿಯಿಂದ ಗೀರಿದೆವು. ಹರಳುಗಟ್ಟಿತು. ಅಸಿಟೋಫಿನೋನ್ ಗಟ್ಟಿಯಾಗುವುದು 20 ಡಿಗ್ರಿಯಲ್ಲಿ. ಮಂಗಳೂರಿನ ಕಪಾಟಿನಲ್ಲಿ ಅದಕ್ಕೆ ಆ ಭಾಗ್ಯ ಎಲ್ಲಿಂದ? ಬೆಂಜಾಲ್ಡಿಹೈಡಾಗಲಿ ಬೆಂಜೈಲ್ ಆಲ್ಕೋಹಾಲಾಗಲಿ ಐಸಿಗೆ ಜಗ್ಗುವುದಿಲ್ಲ.

ಮಕ್ಕಳು ಇಲ್ಲಿ ಫೆಹ್ಲಿಂಗ್‌ನ ನೀಲಿ ದ್ರಾವಣದ ಪರೀಕ್ಷೆ ಮಾಡಿ ಎಡವುತ್ತಾರೆ. ಆಲ್ಡಿಹೈಡ್ ಆದರೆ ಕೆಂಪು ಗಸಿ ಬರಬೇಕು ಎಂದು ಬಾಯಿಪಾಠ ಮಾಡಿರುತ್ತಾರೆ. 1849ರಲ್ಲಿ ಫೆಹ್ಲಿಂಗ್ ಅದನ್ನು ಮಾಡಿದ್ದು ಸಕ್ಕರೆಯ ಅಳತೆಗೆ. ಬೆಂಜೀನ್ ಉಂಗುರಕ್ಕೇ ನೇರ ಅಂಟಿಕೊಂಡ ಆಲ್ಡಿಹೈಡ್ ಅದಕ್ಕೆ ಬಗ್ಗುವುದಿಲ್ಲ. ಹುಡುಗಿಗೆ ಮಾಡಿ ತೋರಿಸಿದೆ. ಒಂದನೆಯದೂ ನೀಲಿ, ಮೂರನೆಯದೂ ನೀಲಿ. ಈ ಎರಡು ಬಾಟಲಿಗಳನ್ನು ಬೇರೆ ಮಾಡಲು ಫೆಹ್ಲಿಂಗ್‌ನಿಂದ ಏನೂ ಉಪಯೋಗವಿಲ್ಲ.

ಇನ್ನು ನಾಲ್ಕನೆಯದು. ಟೋಲೆನ್ಸ್‌ನಲ್ಲಿ ಅದೂ ಗಾಜಿಗೆ ಮಂಕಾಗಿ ಹೊಗೆ ಹಿಡಿದ ಹಾಗೆ ಮಾಡಿತು, ಕನ್ನಡಿ ಆಗಲಿಲ್ಲ. ಬೆಂಜೈಲ್ ಆಲ್ಕೋಹಾಲ್ ಹಳತಾದರೆ ಗಾಳಿಗೆ ಸ್ವಲ್ಪ ಸ್ವಲ್ಪವೇ ಬೆಂಜಾಲ್ಡಿಹೈಡ್ ಆಗುತ್ತದೆ. ಬಾದಾಮಿ ವಾಸನೆ ಅದರದ್ದೇ ಇರಬೇಕು. ಊಹೆ ಸರಿಯೋ ಎಂದು ನೋಡಲು ದಾರಿ ಇದೆ. ಸೋಡಿಯಂ ಬೈಸಲ್ಫೈಟಿನ ಗಟ್ಟಿ ದ್ರಾವಣದೊಂದಿಗೆ ಚೆನ್ನಾಗಿ ಕುಲುಕಿದರೆ ಬೆಂಜಾಲ್ಡಿಹೈಡ್ ಅದಕ್ಕೆ ಅಂಟಿಕೊಂಡು ನೀರಿನ ಕಡೆ ಹೋಗುತ್ತದೆ, ಆಲ್ಕೋಹಾಲ್ ಹೋಗುವುದಿಲ್ಲ. ಹಾಗೆ ಒಂದೆರಡು ಸಲ ಕುಲುಕಿ, ಬೇರೆಯಾದ ಎಣ್ಣೆಯನ್ನು ತೊಳೆದು ಮತ್ತೆ ಡಿಎನ್‌ಪಿ ಹಾಕಿದೆವು. ಮಂಜು ಇಲ್ಲ. ಮೂಗಿಗೂ ಬಾದಾಮಿ ಇಲ್ಲ.

ಉಳಿದ ಆ ಎಣ್ಣೆಗೆ ಸೆರಿಕ್ ಅಮೋನಿಯಂ ನೈಟ್ರೇಟ್ ಹಾಕಿದರೆ ಹಳದಿ ದ್ರಾವಣ ಕೆಂಪಾಯಿತು. ಅದು ಆಲ್ಕೋಹಾಲಿನ ಗುರುತು. ಫಿನಾಲಿಗೆ ಹಾಕಿದ್ದರೆ ಕಂದುಗಪ್ಪು ಬರುತ್ತಿತ್ತು. ಎರಡರಲ್ಲೂ ಬೆಂಜೀನ್ ಉಂಗುರವಿದೆ, ಎರಡರಲ್ಲೂ ಓಎಚ್ ಇದೆ. ಫಿನಾಲಿನಲ್ಲಿ ಓಎಚ್ ಉಂಗುರಕ್ಕೇ ಅಂಟಿದೆ, ಬೆಂಜೈಲ್ ಆಲ್ಕೋಹಾಲಿನಲ್ಲಿ ನಡುವೆ ಒಂದು ಕಾರ್ಬನ್ ಇದೆ. ಅಷ್ಟರಿಂದಲೇ ಫೆರಿಕ್ ಕ್ಲೋರೈಡ್ ಒಂದನ್ನು ಕಂಡು ನೇರಳೆಯಾಗುತ್ತದೆ, ಇನ್ನೊಂದನ್ನು ಗುರುತೇ ಹಿಡಿಯುವುದಿಲ್ಲ.

ಟೋಲೆನ್ಸ್ ಉಳಿದದ್ದನ್ನೆಲ್ಲ ತೆಳು ನೈಟ್ರಿಕ್ ಆಸಿಡ್ ಹಾಕಿ ಕೆಡಿಸಿ ಬೆಳ್ಳಿಯ ತ್ಯಾಜ್ಯದ ಬಾಟಲಿಗೆ ಸುರಿದೆವು. ಹೊಸ ಲೇಬಲ್‌ಗಳನ್ನು ಅಣ್ಣ ಪೆನ್ಸಿಲಿನಲ್ಲಿ ಬರೆದು ಸೆಲ್ಲೊಟೇಪ್ ಹಚ್ಚಿದರು, ನೀರು ತಾಗಿದರೂ ಪೆನ್ಸಿಲ್ ಹರಡುವುದಿಲ್ಲ. ನಾಲ್ಕನೆಯದರ ಮೇಲೆ ‘ಬೆಂಜೈಲ್ ಆಲ್ಕೋಹಾಲ್, ಪರೀಕ್ಷೆಗೆ ಕೊಡಬಾರದು’ ಎಂದು ಬರೆಸಿದೆ. ಪರೀಕ್ಷೆಯಲ್ಲಿ ಅದು ಯಾರ ಪಾಲಿಗೆ ಬಂದರೂ ಆ ಪಾಪದ ಮಗು ಡಿಎನ್‌ಪಿ ಮಂಜು ನೋಡಿ ಆಲ್ಡಿಹೈಡ್ ಎಂದು ಬರೆಯುತ್ತಿತ್ತು, ನಾವು ಕೆಂಪು ಗೀಟು ಹಾಕುತ್ತಿದ್ದೆವು. ಹುಡುಗಿ ಮಾತ್ರ ಸ್ವಲ್ಪ ಬೇರೆ ಬಾಟಲಿಗೆ ಸುರಿದುಕೊಂಡಳು. ಮುಂದಿನ ವಾರ ಬಿಎಸ್‌ಸಿ ಮಕ್ಕಳಿಗೆ ಬೇಕಂತಲೇ ಅದನ್ನು ಕೊಡುತ್ತಾಳಂತೆ.